ನರ್ಸಿಂಗ್ ಫೈನಲ್ ಪರೀಕ್ಷೆಯ ನೀಲನಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಮಿಡ್‌ವೈಫರಿ ಪಾಠ ಮಾಡುತ್ತೇನೆ. ಫೈನಲ್ ಪೇಪರ್ ತೆಗೆಯುವ ಹೊತ್ತು ಬಂತು ಅಂದರೆ ಬೀದರ್, ಯಾದಗಿರಿ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಸೇರಿದ ಮೇಡಂಗಳು, ಸರ್‌ಗಳು ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಎಲ್ಲರಿಗೂ ಬೇರೆ ಬೇರೆ ಉದಾಹರಣೆ ಕೊಟ್ಟು ನನಗೇ ಗೊಂದಲ ಆಗಿದೆ, ಅದಕ್ಕೆ ಇಲ್ಲಿ ಒಂದೇ ಪೇಪರ್ ಹಿಡಿದುಕೊಂಡಿದ್ದೇನೆ: 75 ಅಂಕ, 3 ಗಂಟೆ, ಮಿಡ್‌ವೈಫರಿ. ಮುಂದೆ ಬರುವ ಪಾಠದ ಗಂಟೆಗಳ ಲೆಕ್ಕ ಉದಾಹರಣೆಗೆ ಮಾತ್ರ. ನಿಮ್ಮ ಸಿಲಬಸ್ಸಿನಲ್ಲಿ ಇರುವುದನ್ನು ಹಾಕಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ನೀಲನಕ್ಷೆ ಅಂದ್ರೆ ಪ್ರಶ್ನೆ ಪತ್ರಿಕೆನೇ ಅಲ್ವಾ ಮೇಡಂ? ಅದರಲ್ಲಿ ಬೇರೆ ಏನಿರ್ತದ?

ಅಲ್ಲ. ನೀಲನಕ್ಷೆಯಲ್ಲಿ ಒಂದು ಪ್ರಶ್ನೆಯೂ ಇರುವುದಿಲ್ಲ. ಅದು ಬರೀ ಒಂದು ಕೋಷ್ಟಕ. ಎಡಗಡೆ ಮೇಲಿನಿಂದ ಕೆಳಗೆ ಘಟಕಗಳು, ಮೇಲೆ ಅಡ್ಡಕ್ಕೆ ನೆನಪು, ತಿಳುವಳಿಕೆ, ಅನ್ವಯ. ಪ್ರತಿ ಮನೆಯಲ್ಲೂ ಅಂಕ. ಎಸ್‌ಎಸ್‌ಎಲ್‌ಸಿ ಮೇಷ್ಟ್ರುಗಳು ತೆಗೆಯುವುದೂ ಇದೇ, ನಿಮ್ಮ ಮನೆಯಲ್ಲಿ ಯಾರಾದರೂ ಹೈಸ್ಕೂಲ್ ಮೇಷ್ಟ್ರು ಇದ್ದರೆ ಅವರನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪ್ರಶ್ನೆ ಬರೆಯುವ ಮೊದಲೇ ಈ ಮನೆಗಳನ್ನು ತುಂಬಬೇಕು. ಪೇಪರ್ ತೆಗೆದ ಮೇಲೆ ಕೂತು ಅದಕ್ಕೆ ಸರಿಹೊಂದುವ ಕೋಷ್ಟಕ ಮಾಡಿ ಫೈಲಿಗೆ ಸೇರಿಸುವವರು ಇದ್ದಾರೆ. ಅದು ಮನೆ ಕಟ್ಟಿ ಆದಮೇಲೆ ಪ್ಲ್ಯಾನ್ ಬರೆಸಿದ ಹಾಗೆ.

ಹಳೇ ಐದು ವರ್ಷದ ಪೇಪರ್ ಮುಂದಿಟ್ಕೊಂಡು ತೆಗೆದ್ರೆ ಸಾಲಲ್ವಾ?

ನಾನೂ ಮೊದಲೆರಡು ವರ್ಷ ಹಾಗೇ ಮಾಡಿದೆ. ಒಂದು ಸಲ ಪೇಪರ್ ಆದಮೇಲೆ ಸುಮ್ನೆ ಕುತೂಹಲಕ್ಕೆ ಪ್ರತಿ ಪ್ರಶ್ನೆಯ ಮುಂದೆ ಘಟಕದ ಹೆಸರು ಬರೆದು ಕೂಡಿಸಿದೆ. ಗರ್ಭಿಣಿ ಆರೈಕೆ ಒಂದರಲ್ಲೇ 31 ಅಂಕ ಬಂದಿತ್ತು. ನವಜಾತ ಶಿಶುವಿಗೆ 4. ಕಾರಣ ಏನೂ ದೊಡ್ಡದಲ್ಲ: ಗರ್ಭಿಣಿ ಆರೈಕೆಯ ಪಾಠ ನಾನೇ ಮಾಡಿದ್ದೆ, ಶಿಶುವಿನ ಪಾಠ ಬೇರೆಯವರದು. ಕೈ ತಾನಾಗೇ ತನಗೆ ಗೊತ್ತಿರುವ ಕಡೆ ಓಡುತ್ತದೆ.

ಹಳೇ ಪೇಪರಿನ ತೊಂದರೆ ಏನಂದರೆ, ಆಗ ಯಾರದೋ ಕೈ ಎಲ್ಲಿಗೆ ಓಡಿತ್ತೋ ಅದನ್ನೇ ನಾವು ಮತ್ತೆ ಕಾಪಿ ಮಾಡುತ್ತೇವೆ. ಹುಡುಗಿಯರೂ ಜಾಣರು, ಬಂದದ್ದೇ ಬರುತ್ತದೆ ಅಂತ ಗೊತ್ತಾದರೆ ಉಳಿದ ಘಟಕ ತೆರೆಯುವುದೇ ಇಲ್ಲ.

ಯಾವ ಘಟಕಕ್ಕೆ ಎಷ್ಟು ಅಂಕ ಅಂತ ಹೇಗೆ ಗೊತ್ತು ಮಾಡ್ತೀರಿ? ಸುಮ್ನೆ ಅಂದಾಜಾ?

ಎರಡು ಲೆಕ್ಕ ಮಾಡಿ ಎರಡನ್ನೂ ಕೂಡಿಸಿ ಅರ್ಧ ಮಾಡುತ್ತೇನೆ.

ಮೊದಲನೆಯದು ಪಾಠದ ಗಂಟೆ. ಒಟ್ಟು 60 ಗಂಟೆ ಅಂದುಕೊಳ್ಳಿ. 75 ಅಂಕವನ್ನು 60ರಿಂದ ಭಾಗಿಸಿದರೆ ಗಂಟೆಗೆ 1.25 ಅಂಕ. ಗರ್ಭಿಣಿ ಆರೈಕೆಗೆ 16 ಗಂಟೆ ಇದ್ದರೆ 20 ಅಂಕ. ಸಹಜ ಹೆರಿಗೆಗೆ 14 ಗಂಟೆ, 17.5 ಅಂಕ. ಬಾಣಂತಿ ಆರೈಕೆಗೆ 8, ಶಿಶುವಿಗೆ 8, ಎರಡಕ್ಕೂ ಹತ್ತತ್ತು ಅಂಕ. ಅಪಾಯದ ಗರ್ಭಕ್ಕೆ 10 ಗಂಟೆ, 12.5 ಅಂಕ. ಕುಟುಂಬ ಯೋಜನೆಗೆ 4 ಗಂಟೆ, 5 ಅಂಕ.

ಆದರೆ ಗಂಟೆ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ವಿಷಯ ಉದ್ದ ಇದ್ದರೆ ಗಂಟೆ ಜಾಸ್ತಿ ಹಿಡಿಯುತ್ತದೆ, ಅಷ್ಟಕ್ಕೇ ಅದು ಜೀವ ಉಳಿಸುವ ವಿಷಯ ಆಗುವುದಿಲ್ಲ. ಅದಕ್ಕೆ ಎರಡನೇ ಲೆಕ್ಕ. ಪ್ರತಿ ಘಟಕಕ್ಕೂ ಎರಡು ಪ್ರಶ್ನೆ ಹಾಕಿಕೊಳ್ಳಿ. ಇದರಲ್ಲಿ ನರ್ಸ್ ತಪ್ಪು ಮಾಡಿದರೆ ಎಷ್ಟು ಅನಾಹುತ? ವಾರ್ಡಿನಲ್ಲಿ ಇದು ಎಷ್ಟು ಸಲ ಎದುರಾಗುತ್ತದೆ? ಎರಡಕ್ಕೂ 1ರಿಂದ 3ರವರೆಗೆ ಅಂಕ ಕೊಟ್ಟು ಗುಣಿಸಿ. ಸಹಜ ಹೆರಿಗೆಗೆ ಅನಾಹುತ 3, ಎದುರಾಗುವುದು 3, ಗುಣಿಸಿದರೆ 9. ಗರ್ಭಿಣಿ ಆರೈಕೆ 2×3, ಅಂದರೆ 6. ಬಾಣಂತಿಯದೂ ಹಾಗೇ 6. ಶಿಶು ಮತ್ತು ಅಪಾಯದ ಗರ್ಭ 3×2, ಅವೂ ಆರಾರು. ಕುಟುಂಬ ಯೋಜನೆ 1×2. ಒಟ್ಟು 35. ಈಗ 75 ಅಂಕವನ್ನು ಈ 35ರ ಪ್ರಮಾಣದಲ್ಲಿ ಹಂಚಿದರೆ ಹೆರಿಗೆಗೆ 19.3, ಆರು ಬಂದವುಗಳಿಗೆ 12.9, ಕುಟುಂಬ ಯೋಜನೆಗೆ 4.3.

ಎರಡರ ಸರಾಸರಿ ತೆಗೆದರೆ ಗರ್ಭಿಣಿ ಆರೈಕೆ 20ರಿಂದ 16.4ಕ್ಕೆ ಇಳಿಯುತ್ತದೆ, ಹೆರಿಗೆ 18.4ಕ್ಕೆ ಏರುತ್ತದೆ. ಬಾಣಂತಿ, ಶಿಶು ತಲಾ 11.4. ಅಪಾಯದ ಗರ್ಭ 12.7, ಕುಟುಂಬ ಯೋಜನೆ 4.6.

ಆ 1, 2, 3 ಅಂಕಗಳನ್ನು ಒಬ್ಬರೇ ಕೂತು ಕೊಡಬೇಡಿ. ಲೇಬರ್ ರೂಮಿನಲ್ಲಿ ಹತ್ತು ವರ್ಷ ಕಳೆದ ಸಿಸ್ಟರ್ ಒಬ್ಬರನ್ನು ಕೂರಿಸಿಕೊಳ್ಳಿ. ಅವರು ಕೊಡುವ ಅಂಕಕ್ಕೂ ನೀವು ಕೊಡುವ ಅಂಕಕ್ಕೂ ವ್ಯತ್ಯಾಸ ಬಂದಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ಜಗಳ ಆಡಿ, ಆಮೇಲೆ ಬರೆಯಿರಿ.

16.4, 12.7 ಹಿಂಗ್ ಬಂದ್ರ ಪ್ರಶ್ನೆ ಹೆಂಗ್ ಹೊಂದಿಸೋದ್ರೀ?

ಇಲ್ಲಿ ಲೆಕ್ಕಕ್ಕಿಂತ ಚಿಲ್ಲರೆ ಹೊಂದಿಸುವ ಬುದ್ಧಿ ಬೇಕು. ನಮ್ಮ ಹತ್ತಿರ ಇರುವ ನೋಟುಗಳು ನಾಲ್ಕೇ ತರದವು. ಈ ಪೇಪರಿಗೆ 10 ಅಂಕದವು 3, 5 ಅಂಕದವು 5, 2 ಅಂಕದವು 4, ಬಹು ಆಯ್ಕೆಯ 1 ಅಂಕದವು 12. ಕೂಡಿಸಿದರೆ 75.

ಮೊದಲು ಅಂಕವನ್ನು ಪೂರ್ಣ ಮಾಡಿಕೊಳ್ಳಿ: ಗರ್ಭಿಣಿ 16, ಹೆರಿಗೆ 19, ಬಾಣಂತಿ 11, ಶಿಶು 11, ಅಪಾಯದ ಗರ್ಭ 13, ಕುಟುಂಬ ಯೋಜನೆ 5. ಹೆರಿಗೆಗೆ 18 ಇಟ್ಟರೆ ಒಟ್ಟು 74ಕ್ಕೇ ನಿಲ್ಲುತ್ತದೆ, ಅದಕ್ಕೆ ಉಳಿದ ಒಂದನ್ನು ಹೆರಿಗೆಗೆ ಸೇರಿಸಿದ್ದೇನೆ. ಆಮೇಲೆ ದೊಡ್ಡ ನೋಟು ಮೊದಲು ಹಂಚಿ. ಹತ್ತರ ಮೂರು ಪ್ರಶ್ನೆ ಹೆರಿಗೆ, ಗರ್ಭಿಣಿ, ಅಪಾಯದ ಗರ್ಭ ಈ ಮೂರಕ್ಕೆ ಹೋದವು. ಐದರ ಐದು ಪ್ರಶ್ನೆ ಅಪಾಯದ ಗರ್ಭ ಬಿಟ್ಟು ಉಳಿದ ಐದಕ್ಕೂ ಒಂದೊಂದು. ಎರಡರವು ಹೆರಿಗೆ, ಅಪಾಯದ ಗರ್ಭ, ಬಾಣಂತಿ, ಶಿಶು. ಕೊನೆಗೆ ಉಳಿಯುವ ಸಂದುಗಳಿಗೆ ಒಂದಂಕದವು: ಹೆರಿಗೆಗೆ 2, ಗರ್ಭಿಣಿಗೆ 1, ಅಪಾಯದ ಗರ್ಭಕ್ಕೆ 1, ಬಾಣಂತಿಗೆ 4, ಶಿಶುವಿಗೆ 4. ಹನ್ನೆರಡೂ ಮುಗಿದವು.

ಒಂದಂಕದವನ್ನು ಮೊದಲು ಹಂಚಿಬಿಟ್ಟರೆ ಕೊನೆಗೆ ಹತ್ತರ ಪ್ರಶ್ನೆ ಕೈಯಲ್ಲಿ ಉಳಿಯುತ್ತದೆ, ಹಾಕಲು ಜಾಗ ಇರುವುದಿಲ್ಲ. ಆಗ ಯಾವುದೋ ಘಟಕ ಉಬ್ಬುತ್ತದೆ.

## ಮಟ್ಟದ ಪ್ರಶ್ನೆಗಳು

ನೆನಪು, ತಿಳುವಳಿಕೆ, ಅನ್ವಯ ಅಂತೀರಲ್ಲ, ಒಂದೇ ವಿಷಯದ ಮೇಲೆ ಮೂರೂ ಮಾಡಿ ತೋರಿಸಿ ನೋಡೋಣ.

ಮ್ಯಾಗ್ನೀಸಿಯಂ ಸಲ್ಫೇಟ್ ತಗೊಳ್ಳೋಣ. ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬಂದಾಗ, ಅಥವಾ ಬರದಂತೆ ತಡೆಯಲು ಕೊಡುವ ಔಷಧಿ.

ನೆನಪು: "ಮ್ಯಾಗ್ನೀಸಿಯಂ ಸಲ್ಫೇಟ್ ವಿಷಕ್ಕೆ ಪ್ರತಿಮದ್ದು ಯಾವುದು?" ಉತ್ತರ ಕ್ಯಾಲ್ಸಿಯಂ ಗ್ಲುಕೋನೇಟ್. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ.

ತಿಳುವಳಿಕೆ: "ಪ್ರತಿ ಡೋಸಿಗೂ ಮುಂಚೆ ಮೂತ್ರದ ಪ್ರಮಾಣ ಮತ್ತು ಮೊಣಕಾಲಿನ ಜರ್ಕ್ ಯಾಕೆ ನೋಡಬೇಕು?" ಔಷಧಿ ಹೊರಗೆ ಹೋಗುವುದು ಕಿಡ್ನಿ ಮೂಲಕ, ಮೂತ್ರ ಕಮ್ಮಿ ಆದರೆ ಮೈಯಲ್ಲೇ ಸೇರಿಕೊಳ್ಳುತ್ತದೆ. ಉಸಿರು ಕುಗ್ಗುವ ಮೊದಲು ಜರ್ಕ್ ಹೋಗುತ್ತದೆ, ಅದಕ್ಕೆ ಅದು ಮುನ್ಸೂಚನೆ. ಈ ಕೊಂಡಿ ಹುಡುಗಿಗೆ ಗೊತ್ತಿದೆಯಾ ಅಂತ ನೋಡುತ್ತಿದ್ದೇವೆ.

ಅನ್ವಯ: "ಸುರಪುರದ 22 ವರ್ಷದ ಮಹಿಳೆ, ಎಕ್ಲಾಂಪ್ಸಿಯಾ. ರಾತ್ರಿ 2ಕ್ಕೆ 5 ಗ್ರಾಂ ಡೋಸ್ ಕೊಡುವ ಸಮಯ. ಉಸಿರು ನಿಮಿಷಕ್ಕೆ 12, ಕಳೆದ 4 ಗಂಟೆಯಲ್ಲಿ ಮೂತ್ರ 60 ಮಿ.ಲೀ., ಮೊಣಕಾಲಿನ ಜರ್ಕ್ ಇಲ್ಲ. ನೀವು ಏನು ಮಾಡುತ್ತೀರಿ, ಯಾವ ಕ್ರಮದಲ್ಲಿ?" ಇಲ್ಲಿ ಮೂತ್ರ ಗಂಟೆಗೆ 15 ಮಿ.ಲೀ. ಅಂತ ಅವಳೇ ಲೆಕ್ಕ ಹಾಕಬೇಕು. ಕನಿಷ್ಠ 30 ಇರಬೇಕಿತ್ತು, ಉಸಿರು 16 ಇರಬೇಕಿತ್ತು ಅಂತ ಹೋಲಿಸಬೇಕು. ಡೋಸ್ ತಡೆಹಿಡಿದು, ಡಾಕ್ಟರನ್ನು ಕರೆದು, ಉಸಿರಾಟ ನೋಡಿಕೊಂಡು, 10 ಪರ್ಸೆಂಟ್ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ಸಿದ್ಧ ಮಾಡಬೇಕು. ಪ್ರತಿಮದ್ದಿನ ಹೆಸರು ಗೊತ್ತಿದ್ದೂ ಡೋಸ್ ಕೊಟ್ಟುಬಿಡುವ ಹುಡುಗಿ ಈ ಪ್ರಶ್ನೆಯಲ್ಲಿ ಮಾತ್ರ ಸಿಗುತ್ತಾಳೆ.

ಒಂದು ಕೇಸ್ ಕೊಟ್ಟುಬಿಟ್ರೆ ಅನ್ವಯ ಆಯ್ತಲ್ಲ?

ಆಗಲಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. "ಸೇಡಂನ 24 ವರ್ಷದ ಗರ್ಭಿಣಿ ತಲೆನೋವು, ಕಾಲು ಬಾವು ಅಂತ ದಾಖಲಾಗಿದ್ದಾಳೆ. ಪ್ರೀಎಕ್ಲಾಂಪ್ಸಿಯಾ ವ್ಯಾಖ್ಯಾನಿಸಿ, ಲಕ್ಷಣ ಬರೆಯಿರಿ." ಸೇಡಂನ ಪಾಪದ ಹುಡುಗಿ ಸುಮ್ನೆ ಬಂದು ಹೋದಳು. ಕಥೆಯ ಮೇಲೆ ಕೈ ಮುಚ್ಚಿ ಪ್ರಶ್ನೆ ಓದಿ. ಆಗಲೂ ಉತ್ತರ ಬರೆಯಲು ಬಂದರೆ ಅದು ನೆನಪಿನ ಪ್ರಶ್ನೆ, ವೇಷ ಹಾಕಿಕೊಂಡಿದೆ ಅಷ್ಟೇ.

ಇನ್ನೊಂದು ತಿರುವು ಇದೆ. ಮೇಲಿನ ಮ್ಯಾಗ್ನೀಸಿಯಂ ಕೇಸನ್ನು ನೀವು ಕ್ಲಾಸಿನಲ್ಲಿ ಅದೇ ಅಂಕಿಗಳ ಜತೆ ಬಿಡಿಸಿ ತೋರಿಸಿದ್ದರೆ, ಪರೀಕ್ಷೆಯಲ್ಲಿ ಅದು ನೆನಪಿನ ಪ್ರಶ್ನೆಯೇ. ಮಟ್ಟ ಇರುವುದು ಪ್ರಶ್ನೆಯ ಕ್ರಿಯಾಪದದಲ್ಲಿ ಅಲ್ಲ. "ವಿವರಿಸಿ" ಅಂತ ಇದ್ದರೂ ನೋಟ್ಸಿನಿಂದ ಹಾಗೇ ಬರೆಯಬಹುದು. ಹುಡುಗಿಗೆ ಅದು ಹೊಸದಾ ಹಳೇದಾ ಅನ್ನುವುದರ ಮೇಲೆ ಮಟ್ಟ ನಿಂತಿದೆ. ಹಾಗಾಗಿ ಬೇರೆ ಕಾಲೇಜಿನ ಪೇಪರಿಗೆ ಮಟ್ಟ ಹಚ್ಚುವಾಗ ಪೂರ್ತಿ ಖಾತ್ರಿಯಿಂದ ಹೇಳಲು ಬರುವುದಿಲ್ಲ.

ಹೊಸದು ಮಾಡುವುದು ಕಷ್ಟವೂ ಅಲ್ಲ. ರಕ್ತಹೀನತೆಗೆ ಆಹಾರ ಅಂತ ಕೇಳಿದರೆ ಎಲ್ಲರೂ ಪಾಲಕ್, ಖರ್ಜೂರ, ಲಿವರ್ ಅಂತ ಬರೆಯುತ್ತಾರೆ. ನಾನು ಒಂದು ವರ್ಷ ಹೀಗೆ ಕೊಟ್ಟೆ: ಅಫಜಲಪುರದ ಕಡೆಯ ಹೆಣ್ಣುಮಗಳು, ಹಿಮೋಗ್ಲೋಬಿನ್ 8.2, ಮನೆಯಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಶೇಂಗಾ ಚಟ್ನಿ ಇವೆ, ಮಾಂಸ ತಿನ್ನುವುದಿಲ್ಲ, ಊಟ ಆದ ತಕ್ಷಣ ಚಹಾ ಕುಡಿಯುತ್ತಾಳೆ, ಕಬ್ಬಿಣದ ಮಾತ್ರೆಯನ್ನೂ ಆ ಚಹಾದ ಜತೆಗೇ ನುಂಗುತ್ತಾಳೆ. ಏನು ಸಲಹೆ ಕೊಡುತ್ತೀರಿ? ಚಹಾ ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಈ ಕಥೆಯಲ್ಲಿ ಅದನ್ನು ಹಿಡಿದವರು ಅರ್ಧದಷ್ಟೂ ಇರಲಿಲ್ಲ. ಉಳಿದವರು ಲಿವರ್ ತಿನ್ನಿ ಅಂತ ಬರೆದಿದ್ದರು.

ಯಾವ ಮಟ್ಟಕ್ಕೆ ಎಷ್ಟು ಪರ್ಸೆಂಟ್ ಇಡ್ಬೇಕು? ಪೂರ್ತಿ ಕೋಷ್ಟಕ ಒಂದು ಸಲ ತೋರಿಸಿ.

ಫೈನಲ್ ಪರೀಕ್ಷೆಗೆ ನಾನು ನೆನಪು 30, ತಿಳುವಳಿಕೆ 40, ಅನ್ವಯ 30 ಇಡುತ್ತೇನೆ. ಇದು ನನ್ನ ಆಯ್ಕೆ, ಶಾಸ್ತ್ರ ಅಲ್ಲ. ಮೊದಲ ವರ್ಷದ ಅನಾಟಮಿಗೆ ನೆನಪು ಜಾಸ್ತಿ ಇರಲಿ. ನಾಳೆ ಡ್ಯೂಟಿಗೆ ಹೋಗುವವರಿಗೆ ಅನ್ವಯ 30ಕ್ಕಿಂತ ಇಳಿಸಬೇಡಿ. ವಿಶ್ಲೇಷಣೆಯನ್ನು ಬೇರೆ ಕಾಲಂ ಮಾಡುವವರು ಇದ್ದಾರೆ, ನಾನು ಅನ್ವಯದಲ್ಲೇ ಸೇರಿಸುತ್ತೇನೆ. ಮೂರು ಕಾಲಂ ದಾಟಿದರೆ ಇಬ್ಬರು ಶಿಕ್ಷಕರು ಒಂದೇ ಮನೆಯಲ್ಲಿ ಒಪ್ಪುವುದೇ ಅಪರೂಪ.

| ಘಟಕ | ನೆನಪು | ತಿಳುವಳಿಕೆ | ಅನ್ವಯ | ಒಟ್ಟು |
|---|---|---|---|---|
| ಗರ್ಭಿಣಿ ಆರೈಕೆ | 2 | 11 | 3 | 16 |
| ಸಹಜ ಹೆರಿಗೆ | 4 | 4 | 11 | 19 |
| ಬಾಣಂತಿ ಆರೈಕೆ | 3 | 8 | 0 | 11 |
| ನವಜಾತ ಶಿಶು | 4 | 4 | 3 | 11 |
| ಅಪಾಯದ ಗರ್ಭ | 4 | 3 | 6 | 13 |
| ಕುಟುಂಬ ಯೋಜನೆ | 5 | 0 | 0 | 5 |
| ಒಟ್ಟು | 22 | 30 | 23 | 75 |

ಹೆರಿಗೆಯ ಸಾಲು ಹೇಗೆ ಬಂತು ಅಂತ ನೋಡಿ. ಹತ್ತು ಅಂಕದ ಪ್ರಶ್ನೆಯನ್ನು 2, 3, 5 ಅಂತ ಒಡೆದಿದ್ದೇನೆ: ವ್ಯಾಖ್ಯಾನಕ್ಕೆ 2, ಕಾರಣ ವಿವರಿಸಲು 3, ಕೊಟ್ಟ ಕೇಸಿನ ಆರೈಕೆಗೆ 5. ಐದಂಕದ್ದು ಪಾರ್ಟೋಗ್ರಾಫ್, ಪೂರ್ತಿ ಅನ್ವಯ. ಎರಡಂಕದ್ದು ನೆನಪು. ಒಂದಂಕದ ಎರಡರಲ್ಲಿ ಒಂದು ತಿಳುವಳಿಕೆ, ಒಂದು ಅನ್ವಯ. ಕೂಡಿಸಿದರೆ 4, 4, 11.

ಪಾರ್ಟೋಗ್ರಾಫ್ ಕೇಳುವಾಗ ಯಾವ ಚಾರ್ಟ್ ಅಂತ ಪ್ರಶ್ನೆಯಲ್ಲೇ ಬರೆಯಿರಿ. ಹಳೇ ಪಾರ್ಟೋಗ್ರಾಫಿನಲ್ಲಿ ಸಕ್ರಿಯ ಹಂತ 4 ಸೆಂ.ಮೀ.ನಿಂದ ಶುರು, ವಿಶ್ವ ಆರೋಗ್ಯ ಸಂಸ್ಥೆಯ 2020ರ ಹೊಸ ಲೇಬರ್ ಕೇರ್ ಗೈಡ್‌ನಲ್ಲಿ 5ರಿಂದ. ಬೆಳಗ್ಗೆ 8ಕ್ಕೆ 4 ಸೆಂ.ಮೀ., ಮಧ್ಯಾಹ್ನ 12ಕ್ಕೆ 5 ಅಂತ ಕೊಟ್ಟರೆ ಹಳೇ ಚಾರ್ಟಿನಲ್ಲಿ ಅವಳು ಎಚ್ಚರಿಕೆ ಗೆರೆ ದಾಟಿದ್ದಾಳೆ. ಹೊಸದರಲ್ಲಿ ಸಕ್ರಿಯ ಹಂತ ಈಗ ಶುರು. ಎರಡೂ ಸರಿ ಆಗುವ ಪ್ರಶ್ನೆಗೆ ಅಂಕ ಹೇಗೆ ಕೊಡುತ್ತೀರಿ?

ಅನ್ವಯದ ಪ್ರಶ್ನೆ ಅಂದ್ರೆ ಕಷ್ಟದ್ದು, ನೆನಪಿಂದು ಅಂದ್ರೆ ಸುಲಭದ್ದು, ಹಂಗೇ ಅಲ್ವಾ?

ಅಲ್ಲ, ಇವೆರಡು ಬೇರೆ ಅಳತೆ. "ಬಿಷಪ್ ಸ್ಕೋರಿನ ಐದು ಅಂಶ ಬರೆಯಿರಿ" ನೆನಪಿನದು, ಆದರೆ ಅರ್ಧ ಕ್ಲಾಸ್ ನಾಲ್ಕಕ್ಕೇ ನಿಲ್ಲುತ್ತದೆ. "ಹೆರಿಗೆಯಾದ ಅರ್ಧ ಗಂಟೆಯಲ್ಲಿ ಪ್ಯಾಡ್ ಮೇಲಿಂದ ಮೇಲೆ ಒದ್ದೆ, ಗರ್ಭಕೋಶ ಮೆತ್ತಗಿದೆ, ಮೊದಲು ಏನು ಮಾಡುತ್ತೀರಿ" ಅನ್ವಯದ್ದು, ಲೇಬರ್ ರೂಮ್ ಪೋಸ್ಟಿಂಗ್ ಮಾಡಿದ ಯಾರೂ ಬಿಡುವುದಿಲ್ಲ. ಕಷ್ಟ ಸುಲಭದ ಗುರುತು ಬೇಕಿದ್ದರೆ ಪಕ್ಕದಲ್ಲಿ ಬೇರೆ ಹಾಕಿಕೊಳ್ಳಿ.

## ತೊಡಕಿನ ಪ್ರಶ್ನೆಗಳು

"ಎಂಟರಲ್ಲಿ ಯಾವುದಾದರೂ ಐದು ಬರೆಯಿರಿ" ಅಂತ ಕೊಡಬಹುದಾ?

ಕೊಟ್ಟರೆ ಕಷ್ಟಪಟ್ಟು ಮಾಡಿದ ನೀಲನಕ್ಷೆಯನ್ನು ಹುಡುಗಿಯರ ಕೈಗೆ ಕೊಟ್ಟ ಹಾಗೆ. ಒಬ್ಬಳು ಶಿಶುವಿನ ಪ್ರಶ್ನೆ ಬಿಡುತ್ತಾಳೆ, ಇನ್ನೊಬ್ಬಳು ಪಾರ್ಟೋಗ್ರಾಫ್ ಬಿಡುತ್ತಾಳೆ. ಇಬ್ಬರಿಗೂ 50 ಬಂದರೂ ಆ ಎರಡು 50 ಒಂದೇ ಅಲ್ಲ. ಆಯ್ಕೆ ಕೊಡಲೇಬೇಕು ಅಂತ ನಿಯಮ ಇದ್ದರೆ ಒಂದೇ ಮನೆಯೊಳಗೆ ಕೊಡಿ: ಅದೇ ಘಟಕ, ಅದೇ ಮಟ್ಟ, ಅದೇ ಅಂಕ. ಪಾರ್ಟೋಗ್ರಾಫ್ ಅಥವಾ ಮೂರನೇ ಹಂತದ ಕೇಸ್, ಹೀಗೆ.

ನಮ್ಮ ಹುಡುಗಿಯರು ಪಿಯುಸಿವರೆಗೆ ಕನ್ನಡ ಮೀಡಿಯಂ. ಕೇಸ್ ಕೊಟ್ರೆ ಇಂಗ್ಲಿಷ್ ಓದೋದ್ರಲ್ಲೇ ಟೈಮ್ ಹೋಗ್ತದ, ಏನ್ ಮಾಡೋದು?

ಇದು ನಮ್ಮ ಕಡೆಯ ನಿಜವಾದ ಸಮಸ್ಯೆ. ಕೋಷ್ಟಕದಲ್ಲಿ ಅನ್ವಯ 23 ಅಂತ ಬರೆದಿರುತ್ತೇವೆ, ಅಳೆಯುವುದು ಇಂಗ್ಲಿಷ್ ಆಗಿಬಿಡುತ್ತದೆ. ಹಾಗಂತ ಅನ್ವಯ ಕಡಿಮೆ ಮಾಡುವುದು ಉಪಾಯ ಅಲ್ಲ, ಕೇಸ್ ಕಡಿಮೆ ಮಾತಿನಲ್ಲಿ ಬರೆಯುವುದು ಉಪಾಯ. ಒಂದು ವಾಕ್ಯಕ್ಕೆ ಒಂದೇ ವಿಷಯ. ಪಲ್ಸ್, ಬಿಪಿ, ಉಸಿರು ಎಲ್ಲ ಕೇಸ್ ಶೀಟಿನ ಹಾಗೆ ಸಾಲಾಗಿ ಕೊಡಿ. ವಾರ್ಡಿನಲ್ಲಿ ಅವರು ದಿನಾ ಓದುವುದು ಹಾಗೇ ತಾನೇ.

ಸಮಯವನ್ನೂ ಲೆಕ್ಕ ಹಾಕಿ. 180 ನಿಮಿಷದಲ್ಲಿ ಓದಲು, ಮತ್ತೆ ನೋಡಲು 15 ನಿಮಿಷ ತೆಗೆದರೆ 165. ಅಂದರೆ ಅಂಕಕ್ಕೆ 2.2 ನಿಮಿಷ. ಐದಂಕದ ಪಾರ್ಟೋಗ್ರಾಫಿಗೆ 11 ನಿಮಿಷ. ನೀವೇ ಗಡಿಯಾರ ಇಟ್ಟುಕೊಂಡು ಬರೆದು ನೋಡಿ. ನಿಮಗೆ 7 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಅವರಿಗೆ 11ರಲ್ಲಿ ಮುಗಿಯುವುದಿಲ್ಲ.

ನಿಮ್ಮ ಕೋಷ್ಟಕದಲ್ಲೇ ಬಾಣಂತಿ ಆರೈಕೆಗೆ ಅನ್ವಯ ಸೊನ್ನೆ ಇದೆಯಲ್ಲ ಮೇಡಂ? ಬೇಕಂತ ಬಿಟ್ರಾ?

ಸಿಕ್ಕಿಬಿದ್ದೆ. ಅರ್ಧ ಬೇಕಂತ, ಅರ್ಧ ಅನಿವಾರ್ಯ. ಎದೆ ಕಟ್ಟಿಕೊಂಡ ಬಾಣಂತಿಗೆ ಹಾಲೂಡಿಸಲು ಸಹಾಯ ಮಾಡುವುದು, ಗರ್ಭಕೋಶ ಮುಟ್ಟಿ ಎತ್ತರ ನೋಡುವುದು, ಇವನ್ನು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾಡಿಸಿಯೇ ನೋಡುತ್ತೇವೆ. ಹಾಗಾಗಿ ಪೇಪರಿನಲ್ಲಿ ಬಿಟ್ಟೆ. ಆದರೆ ಪ್ರಾಕ್ಟಿಕಲ್ ದಿನ ಆ ಸ್ಟೇಷನ್ ಇದೆ ಅಂತ ಖಾತ್ರಿ ಇದ್ದರೆ ಮಾತ್ರ ಹೀಗೆ ಬಿಡಬೇಕು. ಇಲ್ಲದಿದ್ದರೆ ಬಾಣಂತಿಯ ಐದಂಕದ ಪ್ರಶ್ನೆಯನ್ನು ಅನ್ವಯ ಮಾಡಿ, ಹೆರಿಗೆಯ ಐದಂಕದ್ದನ್ನು ತಿಳುವಳಿಕೆಗೆ ಇಳಿಸಿ. ಕೆಳಗಿನ ಒಟ್ಟು ಅಲುಗಾಡುವುದಿಲ್ಲ.

ಕುಟುಂಬ ಯೋಜನೆಯ 5, 0, 0 ನನಗೂ ಇಷ್ಟ ಇಲ್ಲ. ಒಂದೇ ಪ್ರಶ್ನೆ ಇರುವ ಘಟಕದಲ್ಲಿ ಮೂರು ಮಟ್ಟ ತೋರಿಸಲು ಹೋದರೆ ಪ್ರಶ್ನೆ ಚೂರುಚೂರಾಗುತ್ತದೆ. ಮುಂದಿನ ಸಲ ಅದನ್ನು ಅನ್ವಯಕ್ಕೆ ತಿರುಗಿಸುತ್ತೇನೆ, ವರ್ಷ ಬಿಟ್ಟು ವರ್ಷ.

ನೀಲನಕ್ಷೆ ಹುಡುಗಿಯರಿಗೆ ತೋರಿಸಬಹುದಾ?

ಕಾಲೇಜಿನ ಪರೀಕ್ಷೆ ಆದರೆ ಘಟಕದ ಒಟ್ಟು ಅಂಕ ಮತ್ತು ಮೂರು ಮಟ್ಟದ ಪ್ರಮಾಣ ತೋರಿಸಿ. ಒಳಗಿನ ಮನೆಗಳನ್ನು ತೋರಿಸಬೇಡಿ. ಹತ್ತಂಕದ ಪ್ರಶ್ನೆ ಎಲ್ಲಿಂದ ಅಂತ ಗೊತ್ತಾದರೆ ಉಳಿದದ್ದು ಓದುವುದಿಲ್ಲ.

ಪೇಪರ್ ನೀಲನಕ್ಷೆ ಪ್ರಕಾರ ಬಂದಿದೆ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ಪರೀಕ್ಷೆಗೆ ಮುಂಚೆ: ಪೇಪರ್ ತೆಗೆಯಲು ಸಂಬಂಧ ಇಲ್ಲದ, ಆದರೆ ಗುಟ್ಟು ಕಾಯುವ ಜವಾಬ್ದಾರಿ ಇರುವ ಒಬ್ಬ ಸಹೋದ್ಯೋಗಿಗೆ ಬರೀ ಪ್ರಶ್ನೆ ಕೊಡಿ, ಕೋಷ್ಟಕ ಕೊಡಬೇಡಿ. ಪ್ರತಿ ಪ್ರಶ್ನೆಗೂ ಘಟಕ ಮತ್ತು ಮಟ್ಟ ಅವರೇ ಬರೆಯಲಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ನನ್ನ ಅನುಭವದಲ್ಲಿ ಘಟಕದಲ್ಲಿ ಜಗಳ ಬರುವುದಿಲ್ಲ. ನಾನು ಅನ್ವಯ ಅಂದದ್ದನ್ನು ಅವರು ನೆನಪು ಅಂದಿರುತ್ತಾರೆ, ಮತ್ತು ಹೆಚ್ಚಾಗಿ ಅವರೇ ಸರಿ ಇರುತ್ತಾರೆ.

ಪರೀಕ್ಷೆ ಆದಮೇಲೆ ಒಂದಂಕದ ಹನ್ನೆರಡನ್ನು ತೆಗೆದುಕೊಳ್ಳಿ. 40 ಜನರ ಕ್ಲಾಸಿನಲ್ಲಿ ಒಟ್ಟು ಅಂಕದ ಮೇಲಿನ 10 ಜನ, ಕೆಳಗಿನ 10 ಜನ. ಪ್ರತಿ ಪ್ರಶ್ನೆಗೂ ಎರಡೂ ಗುಂಪಿನಲ್ಲಿ ಎಷ್ಟು ಜನ ಸರಿ ಅಂತ ಎಣಿಸಿ. ಮೇಲಿನವರಲ್ಲಿ 8, ಕೆಳಗಿನವರಲ್ಲಿ 3 ಬಂದರೆ ಪ್ರಶ್ನೆ ಕೆಲಸ ಮಾಡಿದೆ. ಮೇಲಿನವರಲ್ಲಿ 3, ಕೆಳಗಿನವರಲ್ಲಿ 6 ಬಂದರೆ ಮೊದಲು ಕೀ ಉತ್ತರ ನೋಡಿ. ಕೀ ಸರಿ ಇದ್ದರೆ ಆಯ್ಕೆಗಳನ್ನು ಓದಿ, ಎರಡು ಸರಿ ಉತ್ತರ ಇರುತ್ತವೆ, ಓದಿಕೊಂಡವರು ಇನ್ನೊಂದನ್ನು ಆರಿಸಿರುತ್ತಾರೆ. ಅಂಥ ಒಂದು ಪ್ರಶ್ನೆ ತೆಗೆದುಹಾಕಿದರೆ ಆ ಮನೆಯ ಅಂಕವೂ ಹೋಗುತ್ತದೆ ಅನ್ನುವುದು ನೆನಪಿರಲಿ. ಹೆರಿಗೆ ಸಾಲಿನ ಒಂದಂಕದ ಅನ್ವಯ ಹೋದರೆ ಅಲ್ಲಿ ಇನ್ನೂ 10 ಉಳಿಯುತ್ತದೆ, ಪರವಾಗಿಲ್ಲ. ಆದರೆ ಬಾಣಂತಿಯ ನಾಲ್ಕರಲ್ಲಿ ಎರಡು ಹೋದರೆ ಆ ಘಟಕದ 11ರಲ್ಲಿ 9 ಮಾತ್ರ ಅಳೆದ ಹಾಗೆ, ಅದನ್ನು ಫೈಲಿನಲ್ಲಿ ಬರೆದಿಟ್ಟು ಮುಂದಿನ ಪೇಪರಿನಲ್ಲಿ ಆ ಎರಡನ್ನು ಮೊದಲು ಬರೆಯಿರಿ.